ಅಂಗಿ ಮೇಲಿನ ಲೋಗೋ ಅಳಿಸಿದ ಮೇಲೂ ಗುರುತು ಉಳಿಯದಂತೆ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿರಿಯರು ತೀರಿಕೊಂಡಾಗ ಫ್ರೇಮಿಗೆ ಹಾಕಿಸಲು ಮನೆಯವರಿಗೆ ಸಿಗುವುದು ಬಹಳ ಸಲ ಮೊಬೈಲಿನಲ್ಲಿರುವ ಒಂದೇ ಒಂದು ಒಳ್ಳೆಯ ಫೋಟೊ. ಮುಖ ಚೆನ್ನಾಗಿ ಬಂದಿರುತ್ತದೆ, ಆದರೆ ಮೈಮೇಲೆ ಬೀಜದ ಕಂಪನಿಯೋ ಸಿಮೆಂಟ್ ಕಂಪನಿಯೋ ಪುಕ್ಕಟೆ ಕೊಟ್ಟ ಟೀ ಶರ್ಟ್ ಇರುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಸ್ಟುಡಿಯೊಗಳಿಗೆ "ಎದಿ ಮ್ಯಾಲಿನ ಹೆಸರೊಂದು ತೆಗೆದು ಕೊಡ್ರಿ" ಎಂಬ ಕೆಲಸ ಬರುವುದು ಹೀಗೆ. ಅಕ್ಷರ ಅಳಿಸುವುದು ಐದು ನಿಮಿಷದ ಮಾತು. ಅಳಿಸಿದ ಜಾಗದಲ್ಲಿ ಲೋಗೋ ಆಕಾರದ ಮಾಸಲು ಗುರುತು ಉಳಿಯದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಇಲ್ಲಿನ ಹಂತಗಳು ಫೋಟೊಶಾಪ್‌ಗೆ ಸಂಬಂಧಿಸಿದವು. ಗಿಂಪ್ ಮತ್ತು ಮೊಬೈಲ್ ಬಳಸುವವರಿಗೆ ಕೊನೆಯ ಹೊತ್ತಿಗೆ ಒಂದಿಷ್ಟು ಹೇಳಿದೆ.

ಅಕ್ಷರ ಪೂರ್ತಿ ಹೋಗಿದೆ. ಆದರೂ ದೂರದಿಂದ ನೋಡಿದರೆ ಅಲ್ಲೇನೋ ಇತ್ತು ಅಂತ ಗೊತ್ತಾಗುತ್ತದೆ. ಏಕೆ?

ಗುರುತು ಉಳಿಯುವುದು ಲೋಗೋದ ನಡುಭಾಗದಿಂದಲ್ಲ, ಅಂಚಿನಿಂದ. ಮೊಬೈಲ್ ಕ್ಯಾಮೆರಾ ಫೋಟೊ ತೆಗೆದ ಕೂಡಲೇ ಅದನ್ನು ತಾನೇ ಶಾರ್ಪ್ ಮಾಡುತ್ತದೆ. ಆಗ ಬಿಳಿ ಅಕ್ಷರದ ಸುತ್ತ ಬಟ್ಟೆಯ ಬಣ್ಣಕ್ಕಿಂತ ತುಸು ಗಾಢವಾದ ಒಂದು ಗೆರೆ ಹುಟ್ಟುತ್ತದೆ. ಅದಾದ ಮೇಲೆ ಫೋಟೊ ಜೆಪೆಗ್ ಆಗಿ ಸೇವ್ ಆಗುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ, ಬಣ್ಣದ ವಿವರವನ್ನಂತೂ ಬಹುಮಟ್ಟಿಗೆ ಅರ್ಧಕ್ಕೆ ಇಳಿಸಿ ಇಡುತ್ತದೆ. ಹಾಗಾಗಿ ಕೆಂಪು ಅಕ್ಷರದ ಬಣ್ಣ ಆ ಅಕ್ಷರದ ಗೆರೆಯಲ್ಲೇ ನಿಲ್ಲುವುದಿಲ್ಲ, ಪಕ್ಕದ ಬಟ್ಟೆಗೂ ಹತ್ತು ಹದಿನೈದು ಪಿಕ್ಸೆಲ್‌ವರೆಗೆ ಸೋರಿರುತ್ತದೆ. ನೀವು ಅಕ್ಷರವನ್ನು ಅದರ ಗೆರೆಗುಂಟ ಕತ್ತರಿಸಿ ತೆಗೆದರೆ ಸೋರಿದ ಬಣ್ಣ ಮತ್ತು ಶಾರ್ಪ್ ಆದ ಗೆರೆ ಎರಡೂ ಅಲ್ಲೇ ಉಳಿಯುತ್ತವೆ. ಕಣ್ಣು ಓದುವುದು ಅದನ್ನೇ.

ಇದು ಮೊದಲನೆಯ ಕಾರಣ. ಇನ್ನೆರಡು ಕಾರಣಗಳಿವೆ. ಅಂಗಿಯ ಮೇಲೆ ಬಿದ್ದ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಯುತ್ತಾ ಹೋಗಿರುತ್ತದೆ, ನೀವು ತೇಪೆ ಹಾಕಿದ ಜಾಗ ಮಾತ್ರ ಸಪಾಟಾಗಿರುತ್ತದೆ. ಇಲ್ಲವೇ ಬಟ್ಟೆಯ ನೇಯ್ಗೆ ಮತ್ತು ಕ್ಯಾಮೆರಾದ ಕಾಳು, ಅಂದರೆ ಫೋಟೊದಲ್ಲಿ ಕಾಣುವ ಸಣ್ಣ ಚುಕ್ಕಿಗಳು, ತೇಪೆಯೊಳಗೆ ಇರುವುದಿಲ್ಲ, ಆ ಜಾಗ ಇಸ್ತ್ರಿ ಸುಟ್ಟ ಹಾಗೆ ನುಣುಪಾಗಿ ಹೊಳೆಯುತ್ತದೆ. ಅಂಚು, ಬೆಳಕು, ನೇಯ್ಗೆ: ಯಾವ ಗುರುತೇ ಉಳಿದರೂ ಅದು ಈ ಮೂರರಲ್ಲಿ ಒಂದು. ಯಾವುದು ಅಂತ ಮೊದಲು ಪತ್ತೆ ಹಚ್ಚದೆ ಬ್ರಷ್ ಹಿಡಿದು ಕೂತರೆ ಸಂಜೆಯಾದರೂ ಕೆಲಸ ಮುಗಿಯುವುದಿಲ್ಲ.

ಹೀಲಿಂಗ್ ಬ್ರಷ್ ಎಳೆದರೆ ಅಲ್ಲಿ ಮಸಿ ಬಳಿದಂತೆ ಆಗುತ್ತದೆ. ಬ್ರಷ್‌ನ ತಪ್ಪೇ?

ಬ್ರಷ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ. ಹೀಲಿಂಗ್ ಬ್ರಷ್ ನೀವು ಆಲ್ಟ್ ಒತ್ತಿ ಆರಿಸಿದ ಕಡೆಯಿಂದ ನೇಯ್ಗೆಯನ್ನಷ್ಟೇ ತರುತ್ತದೆ. ಬಣ್ಣ ಮತ್ತು ಬೆಳಕನ್ನು, ನೀವು ಎಳೆದ ಗೆರೆಯ ಸುತ್ತಲಿನ ಅಂಚಿನಿಂದ ಒಳಗೆ ಹರಿಸುತ್ತದೆ. ನಿಮ್ಮ ಗೆರೆಯ ಅಂಚು ಶುದ್ಧ ಬಟ್ಟೆಯ ಮೇಲಿದ್ದರೆ ಬಟ್ಟೆಯ ಬಣ್ಣ ಒಳಗೆ ಬರುತ್ತದೆ. ಅಂಚು ಬಿಳಿ ಅಕ್ಷರಕ್ಕೆ ತಾಗಿದ್ದರೆ ಬಿಳಿ ಒಳಗೆ ಬರುತ್ತದೆ. ಗುಂಡಿ ಪಟ್ಟಿಯ ಕಪ್ಪು ಹೊಲಿಗೆಗೆ ತಾಗಿದ್ದರೆ ಕಪ್ಪು.

ಆದ್ದರಿಂದ ಅಕ್ಷರ ಅಕ್ಷರವಾಗಿ ಹೀಲ್ ಮಾಡುತ್ತಾ ಹೋಗುವುದು ತಪ್ಪು ದಾರಿ. ಒಂದು ಅಕ್ಷರ ಅಳಿಸುವಾಗ ಪಕ್ಕದ ಅಕ್ಷರ ಅಂಚಿಗೆ ತಾಗುತ್ತಲೇ ಇರುತ್ತದೆ. ಮೊದಲು ಕ್ಲೋನ್ ಸ್ಟಾಂಪ್‌ನಿಂದ ಇಡೀ ಲೋಗೋವನ್ನು, ಅದರ ಸುತ್ತ ಸೋರಿದ ಬಣ್ಣದ ಸಮೇತ, ಬಟ್ಟೆಯಿಂದ ಮುಚ್ಚಿ. ಕ್ಲೋನ್ ಯಾವ ಬೆರಕೆಯನ್ನೂ ಮಾಡದೆ ಇದ್ದದ್ದನ್ನು ಇದ್ದ ಹಾಗೇ ಎತ್ತಿ ಇಡುತ್ತದೆ. ಹೀಲಿಂಗ್ ಬರಬೇಕಾದ್ದು ಅದರ ನಂತರ, ತೇಪೆಯ ಬಣ್ಣದ ಸಣ್ಣ ಏರುಪೇರು ಸಮ ಮಾಡಲು ಮಾತ್ರ.

ಸೆಲೆಕ್ಷನ್ ಎಷ್ಟು ದೊಡ್ಡದಿರಬೇಕು? ಫೆದರ್ ಎಷ್ಟು ಕೊಡಬೇಕು?

ಅಕ್ಷರಗಳನ್ನು ಒಂದೊಂದಾಗಿ ಮ್ಯಾಜಿಕ್ ವಾಂಡ್‌ನಿಂದ ಹಿಡಿಯಬೇಡಿ. ಅಕ್ಷರದ ಆಕಾರದಲ್ಲೇ ಸೆಲೆಕ್ಷನ್ ಇದ್ದರೆ ಉಳಿಯುವ ಗುರುತೂ ಅಕ್ಷರದ ಆಕಾರದಲ್ಲೇ ಇರುತ್ತದೆ, ಓದಲೂ ಬರುತ್ತದೆ. ಲಾಸೊ ತೆಗೆದುಕೊಂಡು ಇಡೀ ಲೋಗೋವನ್ನು ಒಂದೇ ಗುಂಪಾಗಿ ಸುತ್ತಿ. 400% ಝೂಮ್ ಮಾಡಿ ನೋಡಿದರೆ ಬಣ್ಣ ಎಲ್ಲಿಯವರೆಗೆ ಸೋರಿದೆ ಅಂತ ಕಾಣುತ್ತದೆ. ಅದರಾಚೆ ಇನ್ನೂ ನಾಲ್ಕೈದು ಪಿಕ್ಸೆಲ್ ಬಿಟ್ಟು ಗೆರೆ ಎಳೆಯಿರಿ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊದಲ್ಲಿ ಲೋಗೋದ ಅಂಚಿನಿಂದ ಸುಮಾರು 15 ಪಿಕ್ಸೆಲ್ ಅಂತರ ಸಾಮಾನ್ಯವಾಗಿ ಸಾಕಾಗುತ್ತದೆ.

ಗೆರೆ ಸೊಟ್ಟಪಟ್ಟ ಇರಲಿ. ಚೌಕವಾಗಿ ಸುತ್ತಿದರೆ ಚೌಕದ ತೇಪೆ ಕಾಣುತ್ತದೆ. ನೇರ ಗೆರೆಯನ್ನು ಕಣ್ಣು ಬೇಗ ಹಿಡಿಯುತ್ತದೆ, ಸೊಟ್ಟ ಗೆರೆ ಬಟ್ಟೆಯ ಸುಕ್ಕಿನಲ್ಲಿ ಕರಗಿಹೋಗುತ್ತದೆ.

ಫೆದರ್ 2 ಪಿಕ್ಸೆಲ್ ಸಾಕು. "ಅಂಚು ಮೆತ್ತಗಿದ್ದರೆ ಬೆರೆಯುತ್ತದೆ" ಎಂದು 20 ಕೊಡುವವರಿದ್ದಾರೆ. ಫೆದರ್ ಗೆರೆಯ ಎರಡೂ ಕಡೆಗೆ ಹರಡುತ್ತದೆ ಎಂಬುದು ಇಲ್ಲಿ ನೆನಪಿರಬೇಕು. ಹೊರಗೆ ಹರಡಿದ್ದರಿಂದ ತೊಂದರೆಯಿಲ್ಲ. ಒಳಗೆ ಹರಡಿದ ಕಡೆ ತೇಪೆ ಅರೆಪಾರದರ್ಶಕವಾಗಿ, ಕೆಳಗಿನ ಲೋಗೋ ತೆಳ್ಳಗೆ ಇಣುಕುತ್ತದೆ.

ಒಂದು ಫೋಟೊ ಹಿಡಿದು ಪೂರ್ತಿ ಹಂತಗಳನ್ನು ತೋರಿಸಬಹುದೇ?

ಹೀಗೊಂದು ಫೋಟೊ ಇದೆ ಅಂದುಕೊಳ್ಳಿ: ಮೊಬೈಲಿನದು, 3000×4000 ಪಿಕ್ಸೆಲ್, ಸೊಂಟದಿಂದ ಮೇಲಕ್ಕೆ. ತಿಳಿ ನೀಲಿ ಕಾಲರ್ ಟೀ ಶರ್ಟ್, ಎಡ ಎದೆಯ ಮೇಲೆ, ಅಂದರೆ ನೋಡುವವರ ಬಲಕ್ಕೆ, ಬಿಳಿ ಅಕ್ಷರ ಮತ್ತು ಕೆಂಪು ಗೆರೆಯ ಲೋಗೋ. ಅಗಲ 210 ಪಿಕ್ಸೆಲ್, ಎತ್ತರ 90. ಲೋಗೋಕ್ಕೂ ಗುಂಡಿ ಪಟ್ಟಿಗೂ 60 ಪಿಕ್ಸೆಲ್ ಅಂತರ. ಬಿಸಿಲು ಚಿತ್ರದ ಎಡದಿಂದ ಬಿದ್ದಿದೆ. ಮನೆಯವರಿಗೆ ಬೇಕಿರುವುದು 12×18 ಇಂಚಿನ ಫ್ರೇಮ್ ಮತ್ತು 4×6 ಅಡಿಯ ಶ್ರದ್ಧಾಂಜಲಿ ಫ್ಲೆಕ್ಸ್.

ಕ್ರಾಪ್ ಮಾಡಿದಾಗ ಉಳಿಯುವುದು 2400×3600. ಫ್ರೇಮಿನಲ್ಲಿ ಇಂಚಿಗೆ 200 ಪಿಕ್ಸೆಲ್ ಆಯಿತು, ಲೋಗೋ ಇದ್ದ ಜಾಗ ಒಂದು ಇಂಚಿಗಿಂತ ತುಸು ಜಾಸ್ತಿ. ಫ್ಲೆಕ್ಸ್‌ನಲ್ಲಿ ಇಂಚಿಗೆ 50 ಪಿಕ್ಸೆಲ್ ಮಾತ್ರ, ಅದೇ ಜಾಗ ನಾಲ್ಕು ಇಂಚು ದಾಟುತ್ತದೆ. ಫ್ರೇಮಿನಲ್ಲಿ ಯಾರಿಗೂ ಕಾಣದ ಗುರುತು ಫ್ಲೆಕ್ಸ್‌ನಲ್ಲಿ ಬೀದಿಗೆಲ್ಲ ಕಾಣುವುದು ಇದಕ್ಕೇ. ಕೆಲಸವನ್ನು ಫ್ಲೆಕ್ಸ್ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು.

ಮೊದಲು ಬೆಳಕು ಓದಿ. `F8` ಒತ್ತಿದರೆ Info ಪ್ಯಾನೆಲ್ ತೆರೆಯುತ್ತದೆ. ಐಡ್ರಾಪರ್‌ನ Sample Size ಅನ್ನು `11 by 11 Average` ಮಾಡಿ, ಇಲ್ಲದಿದ್ದರೆ ಒಂದೊಂದು ಪಿಕ್ಸೆಲ್‌ಗೆ ಒಂದೊಂದು ಲೆಕ್ಕ ತೋರಿಸಿ ತಲೆ ಕೆಡಿಸುತ್ತದೆ. ಲೋಗೋದ ಎಡಕ್ಕೆ ಹಸಿರು ಚಾನೆಲ್ 148 ತೋರಿಸುತ್ತದೆ, ಬಲಕ್ಕೆ 131, ನೇರ ಕೆಳಗೆ ಒಂದೂವರೆ ಲೋಗೋದಷ್ಟು ದೂರ ಹೋದರೂ ಎಡಮೂಲೆ 147, ಬಲಮೂಲೆ 130 ಎಂದುಕೊಳ್ಳಿ. ಇದರ ಅರ್ಥ, ಬೆಳಕು ಎಡದಿಂದ ಬಲಕ್ಕೆ ಇಳಿಯುತ್ತಿದೆ, ಮೇಲಿನಿಂದ ಕೆಳಕ್ಕೆ ಹೆಚ್ಚು ಬದಲಾಗುತ್ತಿಲ್ಲ. ಹಾಗಾದರೆ ಬಟ್ಟೆ ತರಬೇಕಾದ್ದು ಪಕ್ಕದಿಂದಲ್ಲ, ಕೆಳಗಿನಿಂದ. ಈ ಒಂದು ತೀರ್ಮಾನ ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಪಕ್ಕದಿಂದ ತಂದಿದ್ದರೆ 148ರ ಬಟ್ಟೆಯನ್ನು 131ರ ಪಕ್ಕ ಅಂಟಿಸಿ, ಆಮೇಲೆ ಗೆರೆ ಅಳಿಸುತ್ತಾ ಕೂರಬೇಕಿತ್ತು.

ಈಗ ಹೊಸ ಖಾಲಿ ಲೇಯರ್ ತೆಗೆಯಿರಿ. ಲಾಸೊದಿಂದ 15 ಪಿಕ್ಸೆಲ್ ಅಂತರ ಬಿಟ್ಟು ಸುತ್ತಿ, ಫೆದರ್ 2. ಕ್ಲೋನ್ ಸ್ಟಾಂಪ್‌ನಲ್ಲಿ Sample ಎದುರು `Current & Below`, Aligned ಟಿಕ್, Opacity 100, Flow 100, ಬ್ರಷ್ 60 ಪಿಕ್ಸೆಲ್, Hardness 60. ಕೆಳಗೆ ಸುಮಾರು 140 ಪಿಕ್ಸೆಲ್ ದೂರದಲ್ಲಿ ಆಲ್ಟ್ ಒತ್ತಿ ಕ್ಲಿಕ್ ಮಾಡಿ, ಅದಕ್ಕೆ ನೇರ ಮೇಲಿನ ಲೋಗೋದ ಭಾಗದಿಂದ ಬಣ್ಣ ಹಚ್ಚಲು ಶುರು ಮಾಡಿ. ಸೆಲೆಕ್ಷನ್ನಿನ ಅಂಚನ್ನು ಮೊದಲು ಸುತ್ತಲೂ ಮುಚ್ಚಿ, ಆಮೇಲೆ ನಡುಭಾಗ. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಆಡಿಸಬೇಡಿ, ಆಗುವಷ್ಟು ಒಂದೇ ಎಳೆತದಲ್ಲಿ ಮುಗಿಸಿ.

ಸೆಲೆಕ್ಷನ್ ಬಿಟ್ಟು ನೋಡಿದಾಗ ಅಕ್ಷರ ಹೋಗಿರುತ್ತದೆ, ಮೇಲಿನ ಅಂಚಿನಲ್ಲಿ ಮಾತ್ರ ಒಂದು ತೆಳು ಮೆಟ್ಟಿಲು ಕಾಣಬಹುದು. ಇನ್ನೊಂದು ಖಾಲಿ ಲೇಯರ್ ತೆಗೆದು, ಈಗ ಹೀಲಿಂಗ್ ಬ್ರಷ್, 40 ಪಿಕ್ಸೆಲ್, ಅದೇ `Current & Below`. ಆ ಮೆಟ್ಟಿಲಿನ ಮೇಲೆ ಮಾತ್ರ ಅಡ್ಡಡ್ಡ ಸಣ್ಣ ಎಳೆತಗಳು. ಗುಂಡಿ ಪಟ್ಟಿಯ ಹತ್ತಿರ, 20 ಪಿಕ್ಸೆಲ್ ಒಳಗೆ, ಹೀಲಿಂಗ್ ಹೋಗಬಾರದು. ಅಲ್ಲಿ ಏನಾದರೂ ಉಳಿದಿದ್ದರೆ ಕ್ಲೋನ್‌ನಲ್ಲೇ ಸರಿಪಡಿಸಿ. ಕೊನೆಗೆ ಮತ್ತೆ ಐಡ್ರಾಪರ್ ಹಿಡಿದು ತೇಪೆಯ ಎಡದಿಂದ ಬಲಕ್ಕೆ ನಾಲ್ಕು ಕಡೆ ಅಳೆಯಿರಿ. 147, 142, 137, 132 ಎಂಬಂತೆ ಮೆಲ್ಲಗೆ ಇಳಿಯುತ್ತಿದ್ದರೆ ಬೆಳಕು ಸರಿಯಾಗಿದೆ. ನಡುವೆ ಎಲ್ಲೋ 145 ಎಂದು ಜಿಗಿದರೆ ಅಲ್ಲೇ ಗುರುತಿದೆ, ಕಣ್ಣಿಗೆ ಈಗ ಕಾಣದಿದ್ದರೂ.

ಬೆಳಕು ಹೊಂದದಿದ್ದರೆ ಏನು ಮಾಡಬೇಕು? ಮತ್ತೆ ಮೊದಲಿನಿಂದ ಮಾಡಬೇಕೇ?

ಬೇಡ. ಹೊಸ ಲೇಯರ್ ತೆಗೆದು 50% ಬೂದು ತುಂಬಿ, ಬ್ಲೆಂಡ್ ಮೋಡ್ `Soft Light` ಮಾಡಿ. ಮೆತ್ತನೆ ದೊಡ್ಡ ಬ್ರಷ್, 150 ಪಿಕ್ಸೆಲ್, Flow 5%. ತೇಪೆ ಕಪ್ಪಾಗಿದ್ದ ಕಡೆ ಬಿಳಿ, ಬೆಳ್ಳಗಿದ್ದ ಕಡೆ ಕಪ್ಪು ಬಣ್ಣ ಆಡಿಸಿ. ಇಲ್ಲಿ ಬ್ರಷ್ ಮೆತ್ತಗೂ ದೊಡ್ಡದಾಗಿಯೂ ಇರಬೇಕು, ಏಕೆಂದರೆ ಬೆಳಕು ಬಟ್ಟೆಯ ಮೇಲೆ ಮೆತ್ತಗೇ ಇಳಿಯುತ್ತದೆ. ನೇಯ್ಗೆಗೆ ಬ್ರಷ್ ಸ್ವಲ್ಪ ಗಟ್ಟಿ, ಬೆಳಕಿಗೆ ಪೂರ್ತಿ ಮೆತ್ತಗೆ. ಇವೆರಡನ್ನೂ ಒಂದೇ ಬ್ರಷ್‌ನಿಂದ ಮಾಡಲು ಹೋದಾಗಲೇ ಎಡವಟ್ಟಾಗುವುದು.

ತೇಪೆ ಹಾಕಿದ ಜಾಗ ಪ್ಲಾಸ್ಟಿಕ್‌ನಂತೆ ನುಣುಪಾಗಿದೆ. ಏನು ತಪ್ಪಾಗಿದೆ?

ಮೆತ್ತನೆ ಬ್ರಷ್‌ನಿಂದ ಒಂದೇ ಕಡೆ ಹತ್ತು ಸಲ ಕ್ಲೋನ್ ಮಾಡಿದ್ದೀರಿ. ಮೆತ್ತನೆ ಅಂಚಿನಲ್ಲಿ ಎರಡು ಕಡೆಯ ಬಟ್ಟೆ ಅರ್ಧರ್ಧ ಬೆರೆಯುತ್ತದೆ. ಬೆರೆತಾಗ ಕಾಳುಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಪ್ರತಿ ಎಳೆತಕ್ಕೂ ನೇಯ್ಗೆ ಇನ್ನಷ್ಟು ಮಸುಕಾಗುತ್ತದೆ. ಕ್ಲೋನ್‌ಗೆ Hardness 50ರಿಂದ 70 ಇರಲಿ ಎನ್ನುವುದು ಇದಕ್ಕೆ.

ಪೂರ್ತಿ ಕೆಟ್ಟಿದ್ದರೆ ಆ ಲೇಯರ್ ಅಳಿಸಿ ಹೊಸದಾಗಿ ಮಾಡುವುದೇ ಬೇಗ. ಸ್ವಲ್ಪ ಕೆಟ್ಟಿದ್ದರೆ ಕಾಳು ಹಾಕಿ ಉಳಿಸಬಹುದು: ಬೂದು ತುಂಬಿದ ಲೇಯರ್, `Overlay` ಮೋಡ್, `Filter > Noise > Add Noise`, Gaussian, Monochromatic ಟಿಕ್, 2%ರಿಂದ ಶುರು ಮಾಡಿ. ಮೊಬೈಲ್ ಕಾಳು ಒಂದು ಪಿಕ್ಸೆಲ್‌ಗಿಂತ ದಪ್ಪ ಇರುವುದರಿಂದ ಅದರ ಮೇಲೆ 0.5 ಪಿಕ್ಸೆಲ್‌ನ ಗಾಸಿಯನ್ ಬ್ಲರ್ ಕೊಟ್ಟರೆ ಹೆಚ್ಚು ಹೊಂದುತ್ತದೆ. ಮಾಸ್ಕ್ ಹಾಕಿ ತೇಪೆಯ ಮೇಲೆ ಮಾತ್ರ ಇರುವಂತೆ ನೋಡಿಕೊಳ್ಳಿ. ಆದರೆ ಕಾಳು ಬೇರೆ, ನೇಯ್ಗೆ ಬೇರೆ. ಟೀ ಶರ್ಟಿನ ಹೆಣಿಗೆ ಕಾಣುವಷ್ಟು ಹತ್ತಿರದ ಫೋಟೊದಲ್ಲಿ ಈ ಉಪಾಯ ನಡೆಯುವುದಿಲ್ಲ.

ತೇಪೆ ಸುತ್ತಲಿನ ಬಟ್ಟೆಗಿಂತ ಗಾಢವಾಗಿ ಬರುತ್ತಿದೆ, ಹತ್ತಿರದಿಂದಲೇ ತಂದರೂ!

ಮೇಲೆ ಒಂದು Curves ಅಥವಾ Levels ಲೇಯರ್ ಇದೆ, ನಿಮ್ಮ Sample ಸೆಟ್ಟಿಂಗ್ `All Layers` ಇದೆ. ಕ್ಲೋನ್ ಆಗುವಾಗ ತಿದ್ದಿದ ಬಣ್ಣವನ್ನು ಎತ್ತಿಕೊಳ್ಳುತ್ತದೆ, ಕೆಳಗೆ ಇಟ್ಟ ಮೇಲೆ ಮೇಲಿನ ಲೇಯರ್ ಅದನ್ನು ಇನ್ನೊಮ್ಮೆ ತಿದ್ದುತ್ತದೆ. `Current & Below` ಮಾಡಿ, ಸರಿಹೋಗುತ್ತದೆ.

ದಪ್ಪ ಪ್ರಿಂಟ್ ಅಥವಾ ಕಸೂತಿ ಲೋಗೋ ಇದ್ದರೆ?

ಇಲ್ಲಿ ಗುರುತು ಫೋಟೊದಲ್ಲಿ ಹುಟ್ಟಿದ್ದಲ್ಲ, ಬಟ್ಟೆಯಲ್ಲೇ ಇರುವುದು. ರಬ್ಬರಿನಂಥ ದಪ್ಪ ಪ್ರಿಂಟ್ ಬಟ್ಟೆಯನ್ನು ಬಿಗಿ ಮಾಡಿರುತ್ತದೆ. ಅಂಗಿಯ ಸುಕ್ಕು ಪ್ರಿಂಟಿನ ಅಂಚಿನವರೆಗೆ ಬಂದು ತಟ್ಟನೆ ನಿಲ್ಲುತ್ತದೆ, ಆಚೆ ಬದಿಯಿಂದ ಮತ್ತೆ ಶುರುವಾಗುತ್ತದೆ. ಕಸೂತಿಯಾದರೆ ದಾರ ಬಟ್ಟೆಯನ್ನು ಎಳೆದು ಸುತ್ತಲೂ ಸಣ್ಣ ನೆರಿಗೆ ಬಿದ್ದಿರುತ್ತದೆ. ಬಣ್ಣವನ್ನು ಎಷ್ಟೇ ಚೊಕ್ಕವಾಗಿ ತೆಗೆದರೂ ಆ ನೆರಿಗೆಗಳ ಉಂಗುರ ಉಳಿದರೆ, "ಇಲ್ಲೊಂದು ಲೋಗೋ ಇತ್ತು" ಅಂತ ಅದೇ ಹೇಳುತ್ತದೆ.

ಕಸೂತಿಗೆ ಸೆಲೆಕ್ಷನ್ 15 ಸಾಲದು, ನೆರಿಗೆಯೆಲ್ಲ ಒಳಗೆ ಬರುವಂತೆ 40 ಪಿಕ್ಸೆಲ್ ಅಥವಾ ಇನ್ನೂ ಹೆಚ್ಚು ಬಿಡಬೇಕಾಗುತ್ತದೆ. ನಿಂತುಹೋದ ಸುಕ್ಕಿಗೆ ಎರಡೇ ದಾರಿ. ಆಚೆ ಬದಿಯಲ್ಲಿ ಅದು ಮುಂದುವರಿದಿದ್ದರೆ, ಅದೇ ಸುಕ್ಕಿನ ಇನ್ನೊಂದು ತುಂಡನ್ನು ಕ್ಲೋನ್ ಮಾಡಿ ನಡುವೆ ಸೇತುವೆ ಕಟ್ಟಿ. ಮುಂದುವರಿದಿಲ್ಲದಿದ್ದರೆ ಸುಕ್ಕನ್ನು ಅಂಚಿಗೆ ಬರುವ ಮೊದಲೇ, ನೂರು ಪಿಕ್ಸೆಲ್ ಹಿಂದಿನಿಂದಲೇ ಮೆಲ್ಲಗೆ ಸಣ್ಣ ಮಾಡುತ್ತಾ ಬಂದು ಬಟ್ಟೆಯಲ್ಲಿ ಕರಗಿಸಿ. ನಿಜವಾದ ಸುಕ್ಕು ಎಂದೂ ಚಾಕುವಿನಿಂದ ಕೊಯ್ದಂತೆ ನಿಲ್ಲುವುದಿಲ್ಲ, ಬಾಲದಂತೆ ಸಣ್ಣಗಾಗುತ್ತಾ ಮಾಯವಾಗುತ್ತದೆ.

ಎದೆಯ ತುಂಬ ದೊಡ್ಡ ಅಕ್ಷರಗಳಿವೆ. ಇದೇ ರೀತಿ ಮಾಡಬಹುದೇ?

ಇಲ್ಲ. 210 ಪಿಕ್ಸೆಲ್‌ಗೆ ನಡೆದದ್ದು 1200 ಪಿಕ್ಸೆಲ್‌ಗೆ ನಡೆಯುವುದಿಲ್ಲ, ಕ್ಲೋನ್ ಮಾಡಲು ಅಷ್ಟು ಖಾಲಿ ಬಟ್ಟೆಯೇ ಉಳಿದಿರುವುದಿಲ್ಲ. ಒಂದೇ ತುಂಡನ್ನು ಮೂರು ಸಲ ಒತ್ತಿದರೆ ಅದೇ ಸುಕ್ಕು ಮೂರು ಕಡೆ ಕಾಣುತ್ತದೆ.

ಹೊಟ್ಟೆಯ ಹತ್ತಿರದ ಖಾಲಿ ಬಟ್ಟೆಯ ದೊಡ್ಡ ತುಂಡನ್ನು ಲಾಸೊದಿಂದ ಹಿಡಿದು `Ctrl+J` ಒತ್ತಿ ಹೊಸ ಲೇಯರ್ ಮಾಡಿ, ಎದೆಯ ಮೇಲೆ ಸರಿಸಿ. `Edit > Transform > Warp`ನಿಂದ ಬಟ್ಟೆಯ ಓಟ ಎದೆಯ ಉಬ್ಬಿಗೆ ಹೊಂದುವಂತೆ ಬಾಗಿಸಿ. ಹೆಚ್ಚು ಹಿಗ್ಗಿಸಬೇಡಿ, ಹಿಗ್ಗಿದರೆ ನೇಯ್ಗೆಯೂ ಹಿಗ್ಗಿ ದಪ್ಪ ಕಾಣುತ್ತದೆ. ಹತ್ತರಲ್ಲಿ ಒಂದು ಪಾಲು ಹಿಗ್ಗಿದರೆ ಯಾರಿಗೂ ತಿಳಿಯದು, ಒಂದೂವರೆ ಪಟ್ಟಾದರೆ ತಿಳಿಯುತ್ತದೆ. ಆಮೇಲೆ ಆ ಲೇಯರ್‌ಗೆ ಮಾತ್ರ ಹಿಡಿಯುವಂತೆ Curves ಕ್ಲಿಪ್ ಮಾಡಿ ಎದೆಯ ಬೆಳಕಿಗೆ ಹೊಂದಿಸಿ, ಅಂಚನ್ನು ಮಾಸ್ಕ್‌ನಿಂದ ಸುಕ್ಕಿನ ಗೆರೆಗುಂಟ ಅಡಗಿಸಿ. ತೋಳು, ಕುತ್ತಿಗೆಯ ಹೊಲಿಗೆ, ಜೇಬಿನ ಅಂಚು: ತೇಪೆಯ ಅಂಚು ಅಡಗಲು ಇವೇ ಒಳ್ಳೆಯ ಜಾಗಗಳು.

ಫ್ರೀಕ್ವೆನ್ಸಿ ಸೆಪರೇಷನ್ ಮಾಡಿದರೂ ಹಿಂದೆ ಮಂಜಿನಂತೆ ಲೋಗೋ ಕಾಣುತ್ತದೆ.

ಫೋಟೊವನ್ನು ನೇಯ್ಗೆಯ ಲೇಯರ್, ಮಸುಕು ಬಣ್ಣದ ಲೇಯರ್ ಎಂದು ಎರಡಾಗಿ ಬಿಡಿಸಿ ತಿದ್ದುವ ಈ ವಿಧಾನವನ್ನು ಮುಖದ ಚರ್ಮಕ್ಕೆ ಕಲಿತವರು ಅದನ್ನೇ ಬಟ್ಟೆಗೂ ತರುತ್ತಾರೆ. ಚರ್ಮದ ಮೊಡವೆಗೂ ಲೋಗೋಕ್ಕೂ ಒಂದು ವ್ಯತ್ಯಾಸವಿದೆ: ಲೋಗೋ ಎರಡೂ ಲೇಯರ್‌ಗಳಲ್ಲಿ ಇರುತ್ತದೆ. ಮೇಲಿನ ನೇಯ್ಗೆಯ ಲೇಯರ್‌ನಲ್ಲಿ ಅದರ ಅಂಚು, ಕೆಳಗಿನ ಮಸುಕು ಲೇಯರ್‌ನಲ್ಲಿ ಅದರ ಬಣ್ಣ. ಮೇಲಿನದನ್ನು ಮಾತ್ರ ತಿದ್ದಿದರೆ ಕೆಳಗಿನ ಬಣ್ಣ ಮಂಜಾಗಿ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಕೆಳಗಿನ ಲೇಯರ್‌ಗೆ 8 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟಾಗ ಲೋಗೋದ ಬಣ್ಣ ಹೊರಕ್ಕೆ ಅದರ ಮೂರು ಪಟ್ಟು, ಅಂದರೆ 24 ಪಿಕ್ಸೆಲ್ ಆಸುಪಾಸಿನವರೆಗೆ ಹರಡಿರುತ್ತದೆ. ಆದ್ದರಿಂದ ಕೆಳಗಿನ ಲೇಯರ್‌ನ ಸೆಲೆಕ್ಷನ್ ಮೇಲಿನದಕ್ಕಿಂತ ಅಷ್ಟು ದೊಡ್ಡದಿರಬೇಕು. ಅಲ್ಲಿಯೂ ಮೊದಲು ಕ್ಲೋನ್‌ನಿಂದ ಬಣ್ಣ ತೆಗೆದು, ಆಮೇಲೆ ಬೇಕಿದ್ದರೆ ಬ್ಲರ್. ನೇರ ಬ್ಲರ್ ಕೊಟ್ಟರೆ ಲೋಗೋ ಹೋಗುವುದಿಲ್ಲ, ಕದಡಿ ಹರಡುತ್ತದೆ. ಲೇಯರ್ ಎರಡನ್ನೂ ಬೇರ್ಪಡಿಸಲು 8 ಬಿಟ್ ಫೈಲ್‌ನಲ್ಲಿ ಮೇಲಿನ ಲೇಯರ್ ಮೇಲೆ `Image > Apply Image` ತೆರೆದು, ಮಸುಕು ಲೇಯರ್ ಆರಿಸಿ, ಹೀಗೆ ಕೊಡಿ:

```
Blending: Subtract
Scale: 2
Offset: 128
```

ಆಮೇಲೆ ಆ ಲೇಯರ್‌ನ ಮೋಡ್ `Linear Light`. ಎದೆಯ ಮೇಲಿನ ಸಣ್ಣ ಲೋಗೋಕ್ಕೆ ಇಷ್ಟೆಲ್ಲ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಲೋಗೋದ ಮೇಲೆ ನಾಲ್ಕಾರು ಮೆತ್ತನೆ ಸುಕ್ಕುಗಳು ಹಾದುಹೋಗಿದ್ದು, ಬೆಳಕನ್ನೂ ನೇಯ್ಗೆಯನ್ನೂ ಬೇರೆ ಬೇರೆ ಕಟ್ಟಬೇಕಾದಾಗ ಮಾತ್ರ ಇದರ ಉಪಯೋಗ.

ಚೌಕಳಿ ಅಂಗಿ, ಜೀನ್ಸ್ ಜಾಕೆಟ್?

ಚೌಕಳಿಯಲ್ಲಿ ಎರಡು ಗೆರೆ ಕೂಡುವ ಮೂಲೆಯ ಮೇಲೆ ಆಲ್ಟ್ ಕ್ಲಿಕ್ ಮಾಡಿ, ಅಂಥದೇ ಇನ್ನೊಂದು ಮೂಲೆಯಿಂದ ಹಚ್ಚಲು ಶುರು ಮಾಡಿ. ಗೆರೆ ತುಸು ಓರೆಯಿದ್ದರೆ `Window > Clone Source` ತೆರೆದು ಕೋನವನ್ನು ಒಂದೆರಡು ಡಿಗ್ರಿ ತಿರುಗಿಸಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಇದನ್ನು ಹೇಳಬೇಕಿಲ್ಲ: ಡೆನಿಮ್ ನೇಯ್ಗೆ ಓರೆ ಗೆರೆಯದು. ಆ ಓರೆ ತಿರುಗಿದರೆ ಬಣ್ಣ ಎಷ್ಟೇ ಹೊಂದಿದರೂ ತೇಪೆ ಹೊಳೆದು ಕಾಣುತ್ತದೆ. `Edit > Content-Aware Fill` ಬಳಸುವುದಾದರೆ Rotation Adaptation ಅನ್ನು `None` ಮಾಡಿ, Mirror ಟಿಕ್ ತೆಗೆಯಿರಿ. ಕನ್ನಡಿಯಲ್ಲಿ ತಿರುಗಿಸಿದ ಡೆನಿಮ್‌ನ ಓರೆ ಉಲ್ಟಾ ಓಡುತ್ತದೆ. ಹಸಿರು ಬಣ್ಣದ ಆಯ್ಕೆಯ ಜಾಗದಿಂದ ಮುಖ, ಕೈ, ಹಿನ್ನೆಲೆ ಅಳಿಸಿ ಅಂಗಿಯನ್ನು ಮಾತ್ರ ಉಳಿಸಿ, ಇಲ್ಲದಿದ್ದರೆ ಎದೆಯ ಮೇಲೆ ಚರ್ಮದ ತುಣುಕು ಬಂದು ಕೂರುತ್ತದೆ.

ಬಿಳಿ ಅಂಗಿಗೆ ಸುಲಭವೇ?

ನೆರಳಿನಲ್ಲಿ ತೆಗೆದಿದ್ದರೆ ಸುಲಭ. ನಮ್ಮ ಕಡೆಯ ಬೇಸಿಗೆಯ ನಡುಹಗಲಲ್ಲಿ ತೆಗೆದ ಬಿಳಿ ಅಂಗಿಯಾದರೆ ಬಿಸಿಲು ಬಿದ್ದ ಅರ್ಧ ಭಾಗ ಪೂರ್ತಿ 255ಕ್ಕೆ ಹೋಗಿ, ಅಲ್ಲಿ ನೇಯ್ಗೆಯೇ ಉಳಿದಿರುವುದಿಲ್ಲ. ಖಾಲಿ ಬಿಳಿಯ ನಡುವೆ ನೇಯ್ಗೆ ಇರುವ ತೇಪೆ ಹಾಕಿದರೆ ತೇಪೆಯೇ ಎದ್ದು ಕಾಣುತ್ತದೆ. ಅಲ್ಲಿ ಬಿಳಿಯನ್ನು ಬಿಳಿಯಿಂದಲೇ ಮುಚ್ಚಬೇಕು.

ಗುರುತು ಪೂರ್ತಿ ಹೋಗಿದೆ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಒಂದೇ ಫೋಟೊವನ್ನು ಅರ್ಧ ಗಂಟೆ ನೋಡಿದ ಕಣ್ಣನ್ನು ನಂಬುವಂತಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ತಾತ್ಕಾಲಿಕ Curves ಲೇಯರ್ ಹಾಕಿ. ನಮ್ಮ ಉದಾಹರಣೆಯ ನೀಲಿ ಅಂಗಿಯ ಹಸಿರು ಚಾನೆಲ್ 130ರಿಂದ 150ರ ನಡುವೆ ಇರುವುದರಿಂದ Input 100ಕ್ಕೆ Output 0, Input 180ಕ್ಕೆ Output 255 ಕೊಡಿ. ಫೋಟೊ ಭಯಂಕರವಾಗಿ ಕಾಣುತ್ತದೆ, ಕಾಣಲಿ. ಅಂಗಿಯೊಳಗಿನ ಐದು ಅಂಕಿಯ ವ್ಯತ್ಯಾಸವೂ ಈಗ ಸುಮಾರು ಹದಿನೈದಾಗಿ ಎದ್ದು ನಿಲ್ಲುತ್ತದೆ. ಇದರಲ್ಲಿ ಆಕಾರ ಕಾಣದಿದ್ದರೆ ಬೆಳಕಿನ ಗುರುತಿಲ್ಲ.

ಬಣ್ಣಕ್ಕೆ ಬೇರೆ ಪರೀಕ್ಷೆ: Hue/Saturation ಲೇಯರ್ ಹಾಕಿ Saturation ಅನ್ನು +80ರವರೆಗೆ ಏರಿಸಿ. ಕೆಂಪು ಗೆರೆ ಇದ್ದ ಕಡೆ ನೇರಳೆ ಛಾಯೆ ಕಂಡರೆ ಸೋರಿದ ಬಣ್ಣ ಇನ್ನೂ ಇದೆ, ಸೆಲೆಕ್ಷನ್ ಚಿಕ್ಕದಾಯಿತು ಎಂದರ್ಥ. ಹಾಗೇ Channels ಪ್ಯಾನೆಲ್‌ನಲ್ಲಿ ಮೂರೂ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಕೊನೆಗೆ ಫೋಟೊವನ್ನು ಅಡ್ಡ ತಿರುಗಿಸಿ, ಝೂಮ್ 25%ಗೆ ಇಳಿಸಿ, ಕುರ್ಚಿ ಬಿಟ್ಟೆದ್ದು ಆರಡಿ ದೂರದಿಂದ ನೋಡಿ. ಎರಡು ತಾತ್ಕಾಲಿಕ ಲೇಯರ್‌ಗಳನ್ನೂ ಅಳಿಸಿಯೇ ಫೈಲ್ ಕಳುಹಿಸಿ. ಮರೆತು ಕಳಿಸಿದವರು ಇಲ್ಲದಿಲ್ಲ.

ಗಿಂಪ್‌ನಲ್ಲಿ, ಮೊಬೈಲಿನಲ್ಲಿ ಆಗುತ್ತದೆಯೇ?

ಗಿಂಪ್‌ನಲ್ಲಿ ಆಗುತ್ತದೆ. ಕ್ಲೋನ್‌ಗೆ `C`, ಹೀಲ್‌ಗೆ `H`, ಮೂಲ ಆರಿಸಲು ಕಂಟ್ರೋಲ್ ಕ್ಲಿಕ್. ಖಾಲಿ ಲೇಯರ್ ಬದಲು ಫೋಟೊದ ನಕಲು ಲೇಯರ್ ಮೇಲೆ ಕೆಲಸ ಮಾಡಿ. ನೇಯ್ಗೆ ಮತ್ತು ಬೆಳಕು ಬೇರ್ಪಡಿಸಲು `Filters > Enhance > Wavelet-decompose` ಇದೆ. ಮೊಬೈಲಿನ ಸ್ನ್ಯಾಪ್‌ಸೀಡ್‌ನ Healing ಸಣ್ಣ ಲೋಗೋಕ್ಕೆ, ಅದೂ ಪಟ್ಟಿ ಜೇಬು ಹತ್ತಿರವಿಲ್ಲದಾಗ ನಡೆಯುತ್ತದೆ. ಝೂಮ್ ಮಾಡಿ, ಲೋಗೋವನ್ನು ಸೋರಿದ ಬಣ್ಣದ ಸಮೇತ ಒಂದೇ ಎಳೆತದಲ್ಲಿ ಮುಚ್ಚಿ. ತುಣುಕು ತುಣುಕಾಗಿ ಮುಚ್ಚಿದರೆ ಮೇಲೆ ಹೇಳಿದ ಮಸಿಯೇ ಬರುತ್ತದೆ.

ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ಸಾಕೇ?

ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಚಿಕ್ಕದು ಮಾಡಿ ಮತ್ತೊಮ್ಮೆ ಕುಗ್ಗಿಸುತ್ತದೆ, ಲೋಗೋದ ಸುತ್ತ ಚೌಕಗಳು ಇನ್ನಷ್ಟು ಎದ್ದು ಕಾಣುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಆ ಮೊಬೈಲನ್ನೇ ತಂದು ಕೇಬಲ್ ಹಾಕಿಸಿಕೊಳ್ಳಿ. ಬೇರೆ ಫೈಲ್ ಇಲ್ಲವೇ ಇಲ್ಲ ಎಂದಾದರೆ ಲೋಗೋವನ್ನು ಮೊದಲು ತೆಗೆದು, ಆಮೇಲೆ ಫೋಟೊ ದೊಡ್ಡದು ಮಾಡಿ, ಶಾರ್ಪ್ ಕೊನೆಗೆ. ಈ ಸಾಲು ಉಲ್ಟಾ ಆದರೆ ಅಂಚಿನ ಗೆರೆಯನ್ನು ನೀವೇ ದಪ್ಪ ಮಾಡಿಕೊಂಡಂತೆ.

ಸ್ಕ್ರೀನ್ ಮೇಲೆ ಸರಿಯಿತ್ತು, ಪ್ರಿಂಟ್ ಆಗಿ ಬಂದಾಗ ಗುರುತು ಕಂಡಿತು.

ಲ್ಯಾಬ್‌ನಲ್ಲಿ ಆಟೋ ಕರೆಕ್ಷನ್ ಚಾಲೂ ಇದ್ದರೆ ಅದು ಕಾಂಟ್ರಾಸ್ಟ್ ಏರಿಸುತ್ತದೆ, ಅಂದರೆ ನೀವು ಹಾಕದೇ ಬಿಟ್ಟ ಆ ಪರೀಕ್ಷೆಯ Curves ಅನ್ನು ಅದು ಹಾಕಿದಂತೆ. ಫೈಲ್ ಕೊಡುವಾಗ "ಕರೆಕ್ಷನ್ ಬ್ಯಾಡ, ಇದ್ದಂಗ ಹೊಡೀರಿ" ಎಂದು ಹೇಳಿ. ಫ್ಲೆಕ್ಸ್‌ಗೆ ಕೊಡುವ ಮೊದಲು ಎದೆಯ ಭಾಗವನ್ನು ಮಾತ್ರ ಕತ್ತರಿಸಿ, ಇಂಚಿಗೆ 50 ಪಿಕ್ಸೆಲ್ ಲೆಕ್ಕದಲ್ಲಿ ಒಂದು A4 ಹಾಳೆಯ ಮೇಲೆ ತೆಗೆದು ಗೋಡೆಗೆ ಅಂಟಿಸಿ ನೋಡಿ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 410×580 ಪಿಕ್ಸೆಲ್‌ನ ತುಂಡು, ಲೋಗೋ ಇದ್ದ ಜಾಗ ಅದರ ನಡುವೆ ಆರಾಮವಾಗಿ ಕೂರುತ್ತದೆ.

ಇಷ್ಟೆಲ್ಲ ಮಾಡುವ ಬದಲು ರೆಡಿ ಕೋಟ್ ಹಾಕಿಬಿಟ್ಟರೆ ಆಗದೇ?

ಎದೆ ತುಂಬ ಅಕ್ಷರವಿದ್ದು, ಬಟ್ಟೆ ಮಸುಕಾಗಿ, ಫೋಟೊ ಚಿಕ್ಕದಾಗಿದ್ದರೆ ಆಗುತ್ತದೆ, ಮನೆಯವರನ್ನು ಕೇಳಿ ಮಾಡಿ. ಜೀವಮಾನದಲ್ಲಿ ಕೋಟ್ ಹಾಕದ ಅಪ್ಪನಿಗೆ ಕೋಟ್ ಹಾಕಿದರೆ ಕೆಲವರು ಒಪ್ಪುವುದಿಲ್ಲ. ಹೆಗಲ ಮೇಲೊಂದು ಶಲ್ಯ ಇಳಿಬಿಟ್ಟು ಲೋಗೋ ಮುಚ್ಚುವುದು ಹಲವರಿಗೆ ಒಪ್ಪಿಗೆಯಾಗುತ್ತದೆ. ಶಲ್ಯದ ಬೆಳಕು ಮುಖದ ಬೆಳಕಿನ ದಿಕ್ಕಿಗೇ ಇರಬೇಕು, ಅದರ ಅಂಚಿನ ಕೆಳಗೆ ಅಂಗಿಯ ಮೇಲೆ ತೆಳು ನೆರಳು ಬೀಳಬೇಕು. ಪಾಸ್‌ಪೋರ್ಟ್‌ನಂಥ ಗುರುತಿನ ಫೋಟೊಗೆ ಮಾತ್ರ ಇದ್ಯಾವುದೂ ಬೇಡ. ಬೇರೆ ಅಂಗಿ ಹಾಕಿಸಿ ಹೊಸದಾಗಿ ತೆಗೆಯಿರಿ.